‘ವಿಮರ್ಶಿಸಿ’ ಎಂದು ಬರೆದ ಮಾತ್ರಕ್ಕೆ ಪ್ರಶ್ನೆ ಮೇಲಿನ ಹಂತಕ್ಕೆ ಹೋಗುವುದಿಲ್ಲ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮೊದಲ ವರ್ಷದ ಬಿ.ಕಾಂ. ಮಕ್ಕಳಿಗೆ ಸಂವಿಧಾನ ಪಾಠ ಮಾಡುತ್ತೇನೆ. ಮೂಲಭೂತ ಹಕ್ಕುಗಳ ಒಂದು ಪಾಠಕ್ಕೆ 25 ಅಂಕದ ಕಿರುಪರೀಕ್ಷೆ ತಯಾರಿಸಿದೆ. ‘ಬರೀ ಯಾವ ವಿಧಿ, ಯಾವ ವರ್ಷ ಅಂತಲೇ ಕೇಳಿದ್ದೀರಿ, ಸ್ಮರಣೆ, ಅನ್ವಯ, ಮೌಲ್ಯಮಾಪನ ಮೂರೂ ಇರಲಿ’ ಎಂದು ಎಚ್‌ಒಡಿ ವಾಪಸ್ ಕೊಟ್ಟರು. ಕೆಲವು ಕಡೆ ‘ಚರ್ಚಿಸಿ’, ‘ವಿಮರ್ಶಿಸಿ’ ಎಂದು ಬದಲಿಸಿದೆ. ಮಕ್ಕಳು ನೋಟ್ಸ್‌ನಲ್ಲಿದ್ದುದನ್ನೇ ಇಳಿಸಿದರು. ಯಾವ ಹಂತಕ್ಕೆ ಎಷ್ಟು ಪ್ರಶ್ನೆ ಇಡಬೇಕು?

ಉತ್ತರ: ಲೆಕ್ಕ ಮೊದಲೇ ಹೇಳಿಬಿಡುತ್ತೇನೆ ಮೇಡಂ. ಸ್ಮರಣೆಗೆ 5, ಅನ್ವಯಕ್ಕೆ 5, ಮೌಲ್ಯಮಾಪನಕ್ಕೆ 2. ಸ್ಮರಣೆಯ ಪ್ರಶ್ನೆಗೆ ಒಂದೊಂದು ಅಂಕ, ಅನ್ವಯಕ್ಕೆ ಎರಡೆರಡು, ಮೌಲ್ಯಮಾಪನಕ್ಕೆ ಐದೈದು. ಒಟ್ಟು 25 ಆಯಿತು. ಬರೆಯುವ ಸಮಯ ಲೆಕ್ಕ ಹಾಕಿ. ಸ್ಮರಣೆಗೆ ಒಂದೊಂದು ನಿಮಿಷ, ಅನ್ವಯಕ್ಕೆ ಮೂರು, ಮೌಲ್ಯಮಾಪನಕ್ಕೆ ಹತ್ತು. 40 ನಿಮಿಷ. 50 ನಿಮಿಷದ ಪಿರಿಯಡ್‌ನಲ್ಲಿ ಹಾಜರಿ ಕೂಗಿ, ಪತ್ರಿಕೆ ಹಂಚಿ, ವಾಪಸ್ ಇಸ್ಕೊಳ್ಳಲು ಹತ್ತು ನಿಮಿಷ ಉಳಿಯುತ್ತದೆ.

ಇದೇ ಸೆಟ್ಟನ್ನು ಪ್ರಶ್ನೆಗಳ ಸಂಖ್ಯೆಯಿಂದ ನೋಡಿದರೆ ಮೌಲ್ಯಮಾಪನ ತೀರಾ ಕಮ್ಮಿ ಅನಿಸುತ್ತದೆ. ಸಮಯದಿಂದ ನೋಡಿದರೆ ಅರ್ಧ ಪರೀಕ್ಷೆ ಅದೇ. ಬ್ಲೂಪ್ರಿಂಟ್ ಹಾಕುವಾಗ ನಾವು ಸಾಮಾನ್ಯವಾಗಿ ಅಂಕ ಮಾತ್ರ ನೋಡುತ್ತೇವೆ. ಆದರೆ ಮಕ್ಕಳು ಸೋಲುವುದು ಸಮಯದಲ್ಲಿ. ಎಚ್‌ಒಡಿ ಅವರು ಮೂರೂ ಸಮವಾಗಿರಲಿ ಎಂದು ನಾಲ್ಕು, ನಾಲ್ಕು, ನಾಲ್ಕು ಇಡಿಸಿದರೆ, ಮೌಲ್ಯಮಾಪನಕ್ಕೇ 40 ನಿಮಿಷ ಹೋಗುತ್ತದೆ. ಆಗ ಮಕ್ಕಳು ಮಾಡುವುದು ಒಂದೇ ಕೆಲಸ, ನಾಲ್ಕಕ್ಕೂ ಮೂರು ಮೂರು ಸಾಲು ಗೀಚುವುದು.

ಆದರೆ ನಿಮ್ಮ ನಿಜವಾದ ತೊಂದರೆ ಲೆಕ್ಕದ್ದಲ್ಲ. ಪ್ರಶ್ನೆಯ ಹಂತ ಅದರ ಕೊನೆಯ ಕ್ರಿಯಾಪದದಲ್ಲಿ ಇರುವುದಿಲ್ಲ. ಆ ಪ್ರಶ್ನೆಗೂ ನೀವು ಕ್ಲಾಸಿನಲ್ಲಿ ಹೇಳಿದ ಮಾತಿಗೂ ಎಷ್ಟು ದೂರ ಇದೆ ಅನ್ನುವುದರಲ್ಲಿ ಇರುತ್ತದೆ. ಒಂದು ಉದಾಹರಣೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಸೆಕ್ಷನ್ 144ರ ನಿಷೇಧಾಜ್ಞೆ ಹಾಕಿದ್ದರು. ಅದು ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2020ರಲ್ಲಿ ಹೇಳಿತು. ನೀವು ಇದನ್ನು ಪಾಠದಲ್ಲಿ ಹೇಳಿ, ಪರೀಕ್ಷೆಯಲ್ಲಿ ‘ಆ ನಿಷೇಧಾಜ್ಞೆ ಸರಿಯೇ? ವಿಮರ್ಶಿಸಿ’ ಎಂದು ಕೇಳಿದರೆ ಅದು ಐದು ಅಂಕದ ಸ್ಮರಣೆಯ ಪ್ರಶ್ನೆ. ತೀರ್ಪನ್ನು ಆಗಲೇ ಹೇಳಿಬಿಟ್ಟಿದ್ದೀರಿ, ಇನ್ನು ತೂಗುವುದಕ್ಕೆ ಏನು ಉಳಿಯಿತು? ಮಕ್ಕಳು ನೋಟ್ಸ್ ಇಳಿಸಿದ್ದು ಅವರ ತಪ್ಪಲ್ಲ. ನೀವು ಕೇಳಿದ್ದೇ ಅದು.

ಇನ್ನೊಂದು ಮಾತು. ನಮ್ಮ ಕಾಲೇಜುಗಳಲ್ಲಿ ಮೌಲ್ಯಮಾಪನ ಅಂದರೆ ಉತ್ತರ ಪತ್ರಿಕೆ ತಿದ್ದುವುದು ಅನ್ನುವ ಅರ್ಥ ಗಟ್ಟಿಯಾಗಿ ಕೂತಿದೆ. ಹಾಗಾಗಿ ನಾನು ಇದನ್ನು ‘ತೂಗುವ ಪ್ರಶ್ನೆ’ ಅನ್ನುತ್ತೇನೆ. ಇಲ್ಲಿ ತೂಗುವವರು ವಿದ್ಯಾರ್ಥಿಗಳು, ನಾವಲ್ಲ.

ಎಲ್ಲ ಮೂಲಭೂತ ಹಕ್ಕುಗಳನ್ನೂ ಒಂದೇ ಸೆಟ್ಟಿನಲ್ಲಿ ತುಂಬಬೇಡಿ. ವಿಷಯ ಜಾಸ್ತಿ ಆದಷ್ಟೂ ಪ್ರಶ್ನೆಗಳು ತಾವಾಗಿಯೇ ಸ್ಮರಣೆಗೆ ಜಾರುತ್ತವೆ. ಒಂದು ಹಕ್ಕು ಹಿಡಿಯಿರಿ. ನಾನು 19(1)(ಬಿ), ಅಂದರೆ ಸಭೆ ಸೇರುವ ಹಕ್ಕನ್ನು ಹಿಡಿದು ತೋರಿಸುತ್ತೇನೆ. ಫ್ರೀಡಂ ಪಾರ್ಕ್ ಪಕ್ಕ ಬಸ್ಸಿನಲ್ಲಿ ಹೋಗದ ಬೆಂಗಳೂರಿನ ಮಕ್ಕಳು ಕಮ್ಮಿ, ಅಲ್ವಾ? ಅದಕ್ಕೇ.

ಕೆಳಗಿನ ಹಂತದಿಂದ ಶುರು ಮಾಡೋಣ. ಸ್ಮರಣೆಯ ಪ್ರಶ್ನೆ ಕೀಳಲ್ಲ. ಆದರೆ ಮುಂದೆ ಅನ್ವಯದಲ್ಲಿ ಕೈಗೆ ಬರುವ ವಿಷಯವನ್ನು ಮಾತ್ರ ಅಲ್ಲಿ ಕೇಳಬೇಕು. ನಾನು ಇಡುವ ಐದು ಇವು. ಈ ಹಕ್ಕಿನ ಒಳಗೇ ಇರುವ ಎರಡು ಷರತ್ತು ಯಾವುವು (ಶಾಂತಿಯುತವಾಗಿರಬೇಕು, ಆಯುಧ ಇರಬಾರದು). ಇದು ಯಾರಿಗೆ ಸಿಗುತ್ತದೆ (ಭಾರತದ ಪ್ರಜೆಗಳಿಗೆ ಮಾತ್ರ). 14 ಮತ್ತು 21ನೇ ವಿಧಿ ಯಾರಿಗೆ ಸಿಗುತ್ತವೆ (ಎಲ್ಲ ವ್ಯಕ್ತಿಗಳಿಗೂ). 19(3)ರ ಪ್ರಕಾರ ಯಾವ ಕಾರಣಕ್ಕೆ ನಿರ್ಬಂಧ ಹಾಕಬಹುದು (ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ). ಹಕ್ಕಿಗೆ ಧಕ್ಕೆಯಾದರೆ ಯಾವ ವಿಧಿಯಡಿ ಯಾವ ಕೋರ್ಟಿಗೆ ಹೋಗಬಹುದು (32ರಡಿ ಸುಪ್ರೀಂ ಕೋರ್ಟ್, 226ರಡಿ ಹೈಕೋರ್ಟ್).

‘ಸಾರ್ವಭೌಮತೆ ಮತ್ತು ಅಖಂಡತೆ ಎಂಬ ಮಾತು ಯಾವ ತಿದ್ದುಪಡಿಯಿಂದ ಸೇರಿತು’ ಎಂದೂ ಕೇಳಬಹುದಿತ್ತು. 1963ರ 16ನೇ ತಿದ್ದುಪಡಿ. ಆದರೆ ಈ ಸೆಟ್ಟಿನ ಮುಂದಿನ ಯಾವ ಪ್ರಶ್ನೆಗೂ ಅದು ಬೇಕಿಲ್ಲ. ಹಾಗಾಗಿ ಬಿಟ್ಟೆ. ನಿಮ್ಮ ಹಳೆಯ ಪತ್ರಿಕೆಯನ್ನು ಇದೇ ಜರಡಿಯಲ್ಲಿ ಸೋಸಿ, ವರ್ಷ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಉದುರಿಹೋಗುತ್ತವೆ.

ನಾಲ್ಕನೆಯ ಪ್ರಶ್ನೆಯನ್ನು ಬಹು ಆಯ್ಕೆಯ ಪ್ರಶ್ನೆ ಮಾಡಿದರೆ ತಪ್ಪು ಆಯ್ಕೆಗಳನ್ನು 19(2)ರಿಂದ ತೆಗೆದುಕೊಳ್ಳಿ. ಸಭ್ಯತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಇವೆಲ್ಲ ಮಾತಿನ ಹಕ್ಕಿಗೆ ಹಾಕಬಹುದಾದ ನಿರ್ಬಂಧದ ಕಾರಣಗಳು, ಸಭೆಯ ಹಕ್ಕಿಗಲ್ಲ. ಮಕ್ಕಳು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ‘ರಾಜ್ಯಪಾಲರ ಇಚ್ಛೆ’ ಎಂಬಂಥ ಆಯ್ಕೆ ಇಟ್ಟರೆ ಪಾಠ ಕೇಳದವರೂ ಅದನ್ನು ಹೊಡೆದುಹಾಕುತ್ತಾರೆ.

ಇನ್ನು ಅನ್ವಯ. ಇದರಲ್ಲಿ ನಾನೇ ಎಡವಿದ್ದೇನೆ, ಅದನ್ನೇ ಹೇಳುತ್ತೇನೆ.

ನನ್ನ ಮೊದಲ ಕರಡು ಹೀಗಿತ್ತು: ‘ಬಡಾವಣೆಯ ಇಪ್ಪತ್ತು ಜನ ಮರ ಕಡಿಯುವುದನ್ನು ವಿರೋಧಿಸಿ ಪಾರ್ಕಿನ ಮುಂದೆ ಫಲಕ ಹಿಡಿದು ಸುಮ್ಮನೆ ನಿಲ್ಲಲು ಅನುಮತಿ ಕೇಳಿದರು. ಫಲಕಗಳ ಮಾತು ಅಸಭ್ಯವಾಗಿದೆ ಎಂಬ ಒಂದೇ ಕಾರಣ ಕೊಟ್ಟು ಅಧಿಕಾರಿ ಅನುಮತಿ ನಿರಾಕರಿಸಿದರು. ಇದು ನಿಲ್ಲುತ್ತದೆಯೇ?’ ನಿಲ್ಲುವುದಿಲ್ಲ, ಸಭ್ಯತೆ 19(3)ರಲ್ಲಿ ಇಲ್ಲ ಎಂದು ಉತ್ತರ ಸೂಚಿಯಲ್ಲಿ ಬರೆದುಕೊಂಡಿದ್ದೆ. ಪತ್ರಿಕೆ ವಾಪಸ್ ಕೊಟ್ಟ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಫಲಕ ಹಿಡಿದರೆ ಅದು ಮಾತೂ ಆಗುತ್ತದಲ್ಲ? 19(1)(ಎ) ಬಂದರೆ 19(2)ರಲ್ಲಿ ಸಭ್ಯತೆ ಇದೆಯಲ್ಲ?’ ಎಂದಳು. ಅವಳು ಹೇಳಿದ್ದು ಸರಿ. ನಾನು ಸೊನ್ನೆ ಕೊಟ್ಟಿದ್ದ ಉತ್ತರ ನನ್ನ ಸೂಚಿಗಿಂತ ಚೆನ್ನಾಗಿತ್ತು. ಅವತ್ತು ಇಡೀ ಕ್ಲಾಸಿನ ಅಂಕ ಮತ್ತೆ ಕೂಡಿದೆ.

ಸರಿಮಾಡಿದ್ದು ಒಂದೇ ಕಡೆ. ನಿರಾಕರಣೆಯ ಕಾರಣವನ್ನು ‘ಎದುರಿನ ಅಂಗಡಿಗಳಿಗೆ ಅವತ್ತು ವ್ಯಾಪಾರ ಕಮ್ಮಿಯಾಗುತ್ತದೆ’ ಎಂದು ಬದಲಿಸಿದೆ. ಇದು 19(2)ರಲ್ಲೂ ಇಲ್ಲ, 19(3)ರಲ್ಲೂ ಇಲ್ಲ. ಈಗ ಎರಡು ದಾರಿಯಿಂದ ಹೋದರೂ ಉತ್ತರ ಒಂದೇ. ಅನ್ವಯದ ಪ್ರಶ್ನೆಗೆ ಇದೇ ನನ್ನ ಅಳತೆ. ಕೊಟ್ಟ ಸಂಗತಿಗಳಿಗೆ ನಿಯಮ ಹಚ್ಚಿದರೆ ಉತ್ತರ ತೀರ್ಮಾನ ಆಗಲೇಬೇಕು. ಆಗದಿದ್ದರೆ ಪ್ರಶ್ನೆ ಮೇಲಿನ ಹಂತಕ್ಕೆ ಜಾರಿದೆ, ನಿಮಗೆ ಗೊತ್ತಾಗಿಲ್ಲ ಅಷ್ಟೆ.

ಹಾಗೆ ಜಾರಿದ ಇನ್ನೊಂದು ಪ್ರಶ್ನೆ ನೋಡಿ. ‘ಮೆರವಣಿಗೆಯಲ್ಲಿ ಬಂದವರು ಬಿದಿರು ಕೋಲಿಗೆ ಕಟ್ಟಿದ ಕನ್ನಡ ಬಾವುಟ ಹಿಡಿದಿದ್ದರು. ಇದು ಆಯುಧವಿಲ್ಲದ ಸಭೆಯೇ?’ ಕೇಳಲು ಚೆಂದ. ಆದರೆ ಕೋಲು ಎಷ್ಟು ದಪ್ಪ, ಯಾವ ಸಂದರ್ಭ, ಹಿಂದೆ ಗಲಾಟೆ ಆಗಿತ್ತಾ, ಏನೂ ಗೊತ್ತಿಲ್ಲದೆ ಹೌದು ಅಥವಾ ಇಲ್ಲ ಎಂದು ಹೇಳಲಾಗದು. ಎರಡು ಅಂಕಕ್ಕೆ ಮೂರು ನಿಮಿಷದಲ್ಲಿ ಇದನ್ನು ಕೇಳುವುದು ಅನ್ಯಾಯ. ಅನ್ವಯದಲ್ಲಿ ಉಳಿಸಬೇಕೆಂದರೆ ಬಾವುಟ ತೆಗೆದು ಕೈಗೆ ಮಚ್ಚು ಕೊಡಿ. ಬಾವುಟವೇ ಇರಲಿ ಅಂದರೆ ಐದು ಅಂಕದ ಜಾಗಕ್ಕೆ ಕಳಿಸಿ.

ಎರಡನೇ ಅನ್ವಯ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಓದುತ್ತಿರುವ ಹೊರದೇಶದ ವಿದ್ಯಾರ್ಥಿಯೊಬ್ಬ ಒಂದು ಶಾಂತ ಪ್ರತಿಭಟನೆಯಲ್ಲಿ ನಿಂತಿದ್ದ. ಅವನನ್ನು ಬಂಧಿಸಿ, ಎರಡು ದಿನವಾದರೂ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲಿಲ್ಲ. ಅವನು ಯಾವ ಹಕ್ಕನ್ನು ಕೇಳಬಹುದು, ಯಾವುದನ್ನು ಕೇಳಲಾಗದು? 19(1)(ಬಿ) ಅವನಿಗಿಲ್ಲ. ಆದರೆ 21 ಇದೆ. ಬಂಧನವಾದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುವ 22ನೇ ವಿಧಿಯ ರಕ್ಷಣೆಯೂ ಇದೆ. ಸ್ಮರಣೆಯ ಎರಡನೇ, ಮೂರನೇ ಪ್ರಶ್ನೆ ಇಟ್ಟದ್ದು ಇದಕ್ಕಾಗಿಯೇ. ಅಲ್ಲಿ ಸರಿ ಬರೆದು ಇಲ್ಲಿ ‘ವಿದೇಶಿಯರಿಗೆ ಯಾವ ಹಕ್ಕೂ ಇಲ್ಲ’ ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನಿಮಗೆ ಬೇಕಾದ ಮಾಹಿತಿ ಅದೇ. 22ನ್ನು ಪಾಠದಲ್ಲಿ ಹೇಳಿಲ್ಲವಾದರೆ ಬಂಧನದ ಸಾಲು ತೆಗೆದುಬಿಡಿ.

ಖಾಸಗಿ ಕಂಪನಿಯ ಪ್ರಶ್ನೆ ಎಲ್ಲರೂ ಹಾಕುತ್ತಾರೆ: ‘ವೈಟ್‌ಫೀಲ್ಡ್‌ನ ಕಂಪನಿಯೊಂದು ತನ್ನ ಕ್ಯಾಂಪಸ್ ಒಳಗೆ ನೌಕರರ ಸಭೆಯನ್ನು ತಡೆಯಿತು. 19(1)(ಬಿ) ಉಲ್ಲಂಘನೆಯೇ?’ ಉತ್ತರ ಸೂಚಿಯಲ್ಲಿ ಹಳೆಯ ಸಾಲು ಇರುತ್ತದೆ, ‘ಅಲ್ಲ, ಮೂಲಭೂತ ಹಕ್ಕು ಸರ್ಕಾರದ ವಿರುದ್ಧ ಮಾತ್ರ’. ಈ ಕಾರಣವನ್ನು ಈಗ ಅಷ್ಟು ಸಲೀಸಾಗಿ ಬರೆಯುವ ಹಾಗಿಲ್ಲ. ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿ ಮಾಡಬಹುದು ಎಂದು ಬಹುಮತದಿಂದ ಹೇಳಿದೆ. ಆದರೂ ನಿಮ್ಮ ಪ್ರಶ್ನೆಗೆ ‘ಅಲ್ಲ’ ಎಂಬ ಉತ್ತರ ಉಳಿಯುತ್ತದೆ, ಬೇರೆ ಕಾರಣಕ್ಕೆ. ಬೇರೆಯವರ ಜಾಗದಲ್ಲಿ ನಮಗೆ ಬೇಕಾದಾಗ ಸಭೆ ಸೇರುವ ಹಕ್ಕನ್ನು 19ನೇ ವಿಧಿ ಕೊಡುವುದಿಲ್ಲ ಎಂದು ರೈಲ್ವೆ ಬೋರ್ಡ್ ಮತ್ತು ನಿರಂಜನ್ ಸಿಂಗ್ ಪ್ರಕರಣದಲ್ಲಿ 1969ರಲ್ಲೇ ಹೇಳಿದ್ದಾರೆ. ಹೀಗಾಗಿ ಅನ್ವಯದ ಎರಡು ಅಂಕದಲ್ಲಿ ಒಂದನ್ನು ಯಾವಾಗಲೂ ಕಾರಣಕ್ಕೆ ಇಡಿ. ಬರೀ ‘ಅಲ್ಲ’ ಅಂದವರಿಗೆ ಅರ್ಧ ಸತ್ಯ ಸಿಕ್ಕಿರುತ್ತದೆ, ಒಂದು ಅಂಕ ಸಾಕು.

ಉಳಿದೆರಡು ಅನ್ವಯ ಪ್ರಶ್ನೆಗಳನ್ನು ನೀವೇ ಕಟ್ಟಿ. ಎರಡು ಎಚ್ಚರ ಸಾಕು. ಸನ್ನಿವೇಶ ನಾಲ್ಕು ಸಾಲು ದಾಟಬಾರದು. ದಾಟಿದರೆ ನೀವು ಅಳೆಯುವುದು ಓದುವ ವೇಗವನ್ನು, ಹಕ್ಕಿನ ತಿಳಿವಳಿಕೆಯನ್ನಲ್ಲ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪತ್ರಿಕೆ ಓದುವ ಮಗುವಿಗೆ ಇದು ಇನ್ನೂ ಜಾಸ್ತಿ ಹೊಡೆತ. ಎರಡನೆಯದು ಸೋರಿಕೆ. ‘19(3)ರಲ್ಲಿರುವ ಸಾರ್ವಜನಿಕ ಸುವ್ಯವಸ್ಥೆಯ ಕಾರಣ ಕೊಟ್ಟು…’ ಎಂದು ಅನ್ವಯದ ಪ್ರಶ್ನೆ ಶುರುವಾದರೆ ಸ್ಮರಣೆಯ ನಾಲ್ಕನೇ ಪ್ರಶ್ನೆಯ ಉತ್ತರ ಅಲ್ಲೇ ಅಚ್ಚಾಗಿ ಕೂತಿರುತ್ತದೆ. ಸನ್ನಿವೇಶದಲ್ಲಿ ವಿಧಿಯ ಸಂಖ್ಯೆ ಬರೆಯಲೇಬೇಡಿ. ಅದನ್ನು ಹುಡುಕುವುದೇ ಅವರ ಕೆಲಸ.

ಈಗ ತೂಗುವ ಪ್ರಶ್ನೆ. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್, ಬೇರೆ ಕಡೆ ಇಲ್ಲ ಎನ್ನುವ ಪೊಲೀಸ್ ನಿಯಮ 2021ರಿಂದ ಇದೆ. ಹಳೇ ಸೆಂಟ್ರಲ್ ಜೈಲಿನ ಜಾಗ ಅದು. ಇದನ್ನು ತೂಗಲು ಕೊಡುವುದಕ್ಕೆ ಒಳ್ಳೆಯ ಕಾರಣವಿದೆ. ಸುಪ್ರೀಂ ಕೋರ್ಟಿನ ಮಾತುಗಳೇ ಎರಡೂ ಕಡೆ ವಾಲುತ್ತವೆ. ಹಿಮತ್ ಲಾಲ್ ಶಾ ಪ್ರಕರಣದಲ್ಲಿ 1972ರಲ್ಲಿ, ಬೀದಿಯಲ್ಲಿ ನಡೆಯುವ ಸಭೆಗಳಿಗೆ ಸರ್ಕಾರ ನಿಯಮ ಹಾಕಬಹುದು, ಆದರೆ ಸಾರಾಸಗಟಾಗಿ ಬಾಗಿಲು ಮುಚ್ಚುವಂತಿಲ್ಲ ಎಂದರು. 2018ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಪೂರ್ತಿ ನಿಷೇಧ ಸರಿಯಲ್ಲ, ನಿವಾಸಿಗಳ ನೆಮ್ಮದಿಯನ್ನೂ ನೋಡಿಕೊಂಡು ದಾರಿ ಮಾಡಿ ಎಂದರು. 2020ರಲ್ಲಿ ಶಾಹೀನ್ ಬಾಗ್ ವಿಷಯದಲ್ಲಿ, ಪ್ರತಿಭಟನೆ ಗೊತ್ತುಮಾಡಿದ ಜಾಗದಲ್ಲೇ ನಡೆಯಬೇಕು, ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದುಕೊಳ್ಳುವಂತಿಲ್ಲ ಎಂದರು.

ಪ್ರಶ್ನೆ ಹೀಗಿರಲಿ: ‘ಪೀಣ್ಯದ ಕಾರ್ಖಾನೆಯೊಂದರ ಕಾರ್ಮಿಕರು ಕಾರ್ಖಾನೆಯ ಗೇಟಿನ ಹೊರಗೆ, ರಸ್ತೆ ಬಿಟ್ಟು, ಬೆಳಿಗ್ಗೆ ಒಂದು ಗಂಟೆ ನಿಲ್ಲಲು ಅನುಮತಿ ಕೇಳಿದರು. ಫ್ರೀಡಂ ಪಾರ್ಕ್‌ಗೆ ಹೋಗಿ ಎಂದು ಉತ್ತರ ಬಂತು. ಈ ನಿಯಮ ಈ ಕಾರ್ಮಿಕರ ಮಟ್ಟಿಗೆ ಸಮಂಜಸ ನಿರ್ಬಂಧವೇ? ನಿರ್ಬಂಧದ ಕಾರಣ, ಇದಕ್ಕಿಂತ ಹಗುರವಾದ ಬೇರೆ ದಾರಿ, ಪ್ರತಿಭಟನೆಯ ಮಾತು ಯಾರಿಗೆ ತಲುಪಬೇಕು, ಈ ಮೂರನ್ನೂ ತೂಗಿ ನಿಮ್ಮ ತೀರ್ಮಾನ ಬರೆಯಿರಿ.’

ಅಳತೆಗೋಲು ಪ್ರಶ್ನೆಯಲ್ಲೇ ಇರುವುದನ್ನು ಗಮನಿಸಿ. ಅದಿಲ್ಲದೆ ಸುಮ್ನೆ ‘ನಿಮ್ಮ ಅಭಿಪ್ರಾಯವೇನು’ ಅಂದರೆ ಟ್ರಾಫಿಕ್ ಬಗ್ಗೆ ಗೊಣಗಾಟ ಬರುತ್ತದೆ, ಅಥವಾ ಕಾರ್ಮಿಕರ ಬಗ್ಗೆ ಭಾಷಣ ಬರುತ್ತದೆ. ಮೇಲಿನ ಮೂರು ತೀರ್ಪುಗಳನ್ನು ಪಾಠದಲ್ಲಿ ಹೇಳಿ. ಆದರೆ ಫ್ರೀಡಂ ಪಾರ್ಕ್ ನಿಯಮ ಸರಿಯೋ ತಪ್ಪೋ ಎಂದು ನಿಮ್ಮ ಬಾಯಿಂದ ಬರಬಾರದು. ಇದು ಕಷ್ಟ, ನನಗೂ ಬಾಯಿ ಕಟ್ಟಿಕೊಳ್ಳುವುದು ಕಷ್ಟವೇ.

ಐದು ಅಂಕ ಹಂಚುವುದು ಹೀಗೆ. ತೀರ್ಮಾನ ಸ್ಪಷ್ಟವಾಗಿದ್ದರೆ ಒಂದು. ಅದನ್ನು 19(3)ರ ಕಾರಣಕ್ಕೂ ಪೀಣ್ಯದ ಈ ಸಂಗತಿಗಳಿಗೂ ಕಟ್ಟಿದ್ದರೆ ಎರಡು. ಎದುರು ಪಕ್ಷದ ಗಟ್ಟಿ ವಾದವನ್ನು ಪ್ರಾಮಾಣಿಕವಾಗಿ ಹೇಳಿದ್ದರೆ ಒಂದು. ಯಾವ ಸಂಗತಿ ಬದಲಾದರೆ ತನ್ನ ತೀರ್ಮಾನವೂ ಬದಲಾಗುತ್ತದೆ ಎಂದು ಬರೆದಿದ್ದರೆ ಒಂದು. ಉದಾಹರಣೆಗೆ, ‘ಒಂದು ಗಂಟೆಯ ಬದಲು ಹತ್ತು ದಿನ ಅಂದಿದ್ದರೆ ನಾನು ಒಪ್ಪುತ್ತಿರಲಿಲ್ಲ’. ಈ ಕೊನೆಯ ಒಂದು ಅಂಕದ ಬಗ್ಗೆ ಮೊದಲೇ ಮಕ್ಕಳಿಗೆ ಹೇಳಿಬಿಡಿ, ಗುಟ್ಟು ಮಾಡಬೇಡಿ. ಯಾವ ಪಕ್ಷ ಹಿಡಿದರು ಅನ್ನುವುದಕ್ಕೆ ಅಂಕವಿಲ್ಲ.

ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಂದು ಸಂಜೆ ಕೂತು ಈ ಪ್ರಶ್ನೆಗೆ ಎರಡು ಉತ್ತರ ನೀವೇ ಬರೆಯಿರಿ. ಒಂದು ‘ಸಮಂಜಸ’, ಒಂದು ‘ಸಮಂಜಸವಲ್ಲ’. ಎರಡಕ್ಕೂ ಐದಕ್ಕೆ ಐದು ಕೊಡಲು ಮನಸ್ಸು ಬಂದರೆ ಅದು ನಿಜವಾಗಿ ತೂಗುವ ಪ್ರಶ್ನೆ. ಒಂದಕ್ಕೆ ಮಾತ್ರ ಕೊಡಬಹುದಾದರೆ ಅದು ಅನ್ವಯ, ಎರಡು ಅಂಕಕ್ಕೆ ಇಳಿಸಿ. ಪಾಠಕ್ಕೆ ಬಾರದೆ ಬರೀ ಪೇಪರ್ ಓದುವವರೂ ಐದು ಹೊಡೆಯಬಹುದು ಅನಿಸಿದರೆ ಅದು ಹರಟೆ, ತೆಗೆದುಹಾಕಿ.

ಎರಡನೇ ತೂಗುವ ಪ್ರಶ್ನೆಗೆ ಆ 144ರ ವಿಷಯವನ್ನೇ ಹೊಸ ಬಟ್ಟೆ ಹಾಕಿ ತನ್ನಿ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ನೀವೇ ಐದು ಸಾಲಿನ ಒಂದು ಕಾಲ್ಪನಿಕ ನಿಷೇಧಾಜ್ಞೆ ಬರೆದು ಕೊಡಿ. ಎಷ್ಟು ದಿನ, ಯಾವ ಪ್ರದೇಶ, ಏನು ಕಾರಣ ಎಂಬುದು ಅದರಲ್ಲಿರಲಿ. ಕಾರಣದ ಸಾಲು ಮಾತ್ರ ಪೂರ್ತಿ ಸೊನ್ನೆಯೂ ಆಗಿರಬಾರದು, ಪೂರ್ತಿ ಗಟ್ಟಿಯೂ ಆಗಿರಬಾರದು. ‘ಹಿಂದಿನ ವಾರ ಪಕ್ಕದ ಜಿಲ್ಲೆಯಲ್ಲಿ ಕಲ್ಲು ತೂರಾಟ ಆಗಿತ್ತು’ ಎಂಬಂತೆ ಇರಲಿ. ಇದನ್ನು ಎತ್ತಿಹಿಡಿಯುತ್ತೀರಾ ಎಂದು ಕೇಳಿ.

ಪರೀಕ್ಷೆ ಮುಗಿದ ಮೇಲೆ ಹತ್ತು ಉತ್ತರ ಪತ್ರಿಕೆ ಎತ್ತಿಕೊಂಡು ಜೋಡಿ ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಉದಾಹರಣೆಗೆ ‘ಈ ಹಕ್ಕು ಯಾರಿಗೆ’ ಎಂಬ ಸ್ಮರಣೆಯ ಪ್ರಶ್ನೆ ಮತ್ತು ಹೊರದೇಶದ ವಿದ್ಯಾರ್ಥಿಯ ಪ್ರಶ್ನೆ. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂಬುದು ಜಾಸ್ತಿ ಇದ್ದರೆ ಸೆಟ್ ಸರಿಯಾಗಿದೆ, ಪಾಠದಲ್ಲಿ ಉದಾಹರಣೆ ಸಾಲದು. ಮೊದಲನೆಯದು ತಪ್ಪು, ಎರಡನೆಯದು ಸರಿ ಎಂದು ಬರುತ್ತಿದ್ದರೆ ಅನ್ವಯದ ಪ್ರಶ್ನೆಯಲ್ಲಿ ಎಲ್ಲೋ ಸುಳಿವು ಸೋರಿದೆ, ಅಥವಾ ಊಹೆಯಲ್ಲೇ ಮುಗಿಯುವ ಪ್ರಶ್ನೆ ಅದು. ಎಲ್ಲರೂ ಎರಡೂ ಸರಿ ಬರೆದಿದ್ದರೆ, ಆ ಸನ್ನಿವೇಶವನ್ನು ನೀವು ಕ್ಲಾಸಿನಲ್ಲೇ ಹೇಳಿದ್ದೀರಾ ಎಂದು ನೆನಪು ಮಾಡಿಕೊಳ್ಳಿ. ಹೇಳಿದ್ದರೆ ಅದು ಸ್ಮರಣೆಯ ಪ್ರಶ್ನೆಯಾಗಿದೆ, ಮುಂದಿನ ವರ್ಷಕ್ಕೆ ಬದಲಿಸಿ. ಹೊರದೇಶದ ವಿದ್ಯಾರ್ಥಿಯ ಕತೆ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಒಂದೇ ಸೆಮಿಸ್ಟರ್‌ನಲ್ಲಿ ದಾಟಿರುತ್ತದೆ.

ಪಿರಿಯಡ್ 40 ನಿಮಿಷಕ್ಕೆ ಇಳಿದರೆ, ನಮ್ಮ ಕಡೆ ಇಳಿಯುತ್ತಲೇ ಇರುತ್ತದೆ, ಒಂದು ತೂಗುವ ಪ್ರಶ್ನೆ ಬಿಟ್ಟುಬಿಡಿ. ಪರೀಕ್ಷೆ 20 ಅಂಕಕ್ಕೆ, 30 ನಿಮಿಷಕ್ಕೆ ಬರುತ್ತದೆ. ಎರಡನ್ನೂ ಇಟ್ಟುಕೊಂಡು ಐದೈದು ನಿಮಿಷಕ್ಕೆ ಕುಗ್ಗಿಸಲು ಹೋಗಬೇಡಿ, ಮತ್ತೆ ನೋಟ್ಸ್‌ ಇಳಿಸುವುದೇ ಶುರುವಾಗುತ್ತದೆ.